ವೇತನ ಬಾಕಿ ಕೇಳಿ ಬರೆಯುವ ಪತ್ರ ಹೇಗಿರಬೇಕು

2025ರ ಜನವರಿ. ಅಡಿಕೆ ಕೊಯ್ಲು ಮುಗಿಯುತ್ತಾ ಬಂದಿತ್ತು. ಗೆಳೆಯರೊಬ್ಬರು ಒಂದು ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದರು. ಒಂದು ಸಹಕಾರ ಸಂಘದಲ್ಲಿ 30 ವರ್ಷ ಗುಮಾಸ್ತರಾಗಿ ದುಡಿದು ನಿವೃತ್ತರಾದವರು. ಜಗಲಿ ಮೇಲೆ ಕೂತು ಕವರ್ ಬಿಚ್ಚಿದರು. ಒಳಗೆ ಮೂರು ಪುಟದ ಒಂದು ಪತ್ರದ ನಕಲು ಇತ್ತು. ಎರಡು ವರ್ಷದ ಹಿಂದೆ ವೇತನ ಬಾಕಿ ಕೇಳಿ ಅವರೇ ಬರೆದದ್ದು. ಉತ್ತರ ಬಂದಿರಲಿಲ್ಲ.

ಪತ್ರ ಶುರುವಾಗುವುದು ಹೀಗೆ: "ತಮ್ಮ ಘನ ಸನ್ನಿಧಾನದಲ್ಲಿ ವಿನಮ್ರವಾಗಿ ಪ್ರಾರ್ಥಿಸಿಕೊಳ್ಳುವುದೇನೆಂದರೆ..." ಮೊದಲ ಪುಟದ ತುಂಬ ಮನೆಯ ಕಷ್ಟ. ಎರಡನೇ ಪುಟದಲ್ಲಿ ಸಂಘಕ್ಕಾಗಿ ಮಳೆಗಾಲದಲ್ಲಿ ಹೊಳೆ ದಾಟಿ ಸಾಲ ವಸೂಲಿಗೆ ಹೋದ ಕಥೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಸಿಟ್ಟು ಬಂದಿದೆ: "ದುಡಿಸಿಕೊಂಡು ಕೈಬಿಟ್ಟ ನಿಮಗೆ ಮನಸ್ಸಾಕ್ಷಿ ಇದೆಯೇ?" ಕೊನೆಯಲ್ಲಿ ಮತ್ತೆ "ಸಹಾನುಭೂತಿಯಿಂದ ಪರಿಗಣಿಸಿ ದಯಪಾಲಿಸಬೇಕು". ಎಷ್ಟು ಹಣ, ಯಾವ ತಿಂಗಳಿಂದ ಯಾವ ತಿಂಗಳಿಗೆ, ಯಾವ ನಿರ್ಣಯದ ಪ್ರಕಾರ ಅನ್ನುವುದು ಎಲ್ಲೂ ಇಲ್ಲ.

ನಾನು ಇನ್ನೊಂದು ಸಂಘದಲ್ಲಿ ಲೆಕ್ಕಿಗನಾಗಿದ್ದವನು. ಇಂಥ ಪತ್ರ ಟಪ್ಪಾಲಿನಲ್ಲಿ ಬಂದರೆ ಏನಾಗುತ್ತದೆ ಅಂತ ನೋಡಿದ್ದೇನೆ. ಓದಿದವರಿಗೆ ಪಾಪ ಅನ್ನಿಸುತ್ತದೆ. ಆದರೆ ಅದರ ಮೇಲೆ ಟಿಪ್ಪಣಿ ಬರೆಯಲು ಆಗುವುದಿಲ್ಲ. ಹಾಗಾಗಿ ಪತ್ರ ಫೈಲಿಗೆ ಸೇರುತ್ತದೆ, ಅಷ್ಟೇ. ಓದಿದ ಗುಮಾಸ್ತ ನೇರವಾಗಿ ಆಡಳಿತ ಮಂಡಳಿಯ ಮುಂದೆ ಇಡುವಂತಿದ್ದರೆ ಮಾತ್ರ ಪತ್ರ ಮುಂದೆ ಹೋಗುತ್ತದೆ.

ಮೊದಲು ಆದೇಶ ಓದಿ, ಆಮೇಲೆ ಪೆನ್ನು ಹಿಡಿಯಿರಿ

ವೇತನ ಪರಿಷ್ಕರಣೆಯ ಆದೇಶದಲ್ಲಿ ಎರಡು ದಿನಾಂಕ ಇರಬಹುದು. ಒಂದು, ಹೊಸ ವೇತನ ಯಾವಾಗಿಂದ ಲೆಕ್ಕಕ್ಕೆ ಬರುತ್ತದೆ ಅನ್ನುವುದು. ಇನ್ನೊಂದು, ಹಣ ಯಾವಾಗಿಂದ ಕೈಗೆ ಸಿಗುತ್ತದೆ ಅನ್ನುವುದು. ಇವೆರಡರ ವ್ಯತ್ಯಾಸ ಗೊತ್ತಾಗದೆ ಎಷ್ಟೋ ಪತ್ರ ಒಂದೇ ಸಾಲಿನಲ್ಲಿ ತಿರಸ್ಕಾರವಾಗುತ್ತವೆ.

ರಾಜ್ಯ ಸರ್ಕಾರಿ ನೌಕರರ 7ನೇ ವೇತನ ಆಯೋಗವನ್ನೇ ನೋಡಿ. ಹೊಸ ವೇತನ 1-7-2022ರಿಂದ ಜಾರಿ ಅಂತ ನಿಗದಿಯಾಯಿತು. ಆದರೆ ಆರ್ಥಿಕ ಲಾಭ ಸಿಕ್ಕಿದ್ದು 1-8-2024ರಿಂದ. ನಡುವಿನ 25 ತಿಂಗಳು ಬರೀ ಕಾಲ್ಪನಿಕ, ಅಂದರೆ ನೋಷನಲ್. ಆ ಅವಧಿಗೆ ವೇತನ ನಿಗದಿ ಮಾಡುತ್ತಾರೆ, ಬಾಕಿ ಹಣ ಕೊಡುವುದಿಲ್ಲ. ಯಾರಾದರೂ "2022ರ ಜುಲೈಯಿಂದ ಬಾಕಿ ಕೊಡಿ" ಅಂತ ತಮ್ಮ ಕಚೇರಿಗೆ ಬರೆದರೆ ಅದು ಬಾಕಿ ಕೇಳಿದಂತಲ್ಲ, ಆದೇಶವನ್ನೇ ಬದಲಾಯಿಸಿ ಅಂತ ಕೇಳಿದಂತೆ. ಬಟವಾಡೆ ಅಧಿಕಾರಿಗೆ ಆ ಅಧಿಕಾರವೇ ಇಲ್ಲ. ಅಂಥ ಬೇಡಿಕೆ ಸರ್ಕಾರದ ಮಟ್ಟದ್ದು. ಅದನ್ನು ಬೇರೆಯಾಗಿಯೇ ಬರೆಯಬೇಕು. ಆದರೆ 1-8-2024ರ ನಂತರವೂ ನಿಮ್ಮ ವೇತನ ನಿಗದಿ ತಡವಾಗಿ, ಕೆಲವು ತಿಂಗಳು ಹಳೇ ಸಂಬಳವೇ ಬಂದಿದ್ದರೆ, ಆ ತಿಂಗಳುಗಳ ವ್ಯತ್ಯಾಸ ನಿಜವಾದ ಬಾಕಿ. ಅದನ್ನು ಧೈರ್ಯವಾಗಿ ಕೇಳಬಹುದು.

ನನ್ನ ಗೆಳೆಯರ ಸಂಘದಲ್ಲಿ ಹಾಗಿರಲಿಲ್ಲ. 12-9-2022ರ ಆಡಳಿತ ಮಂಡಳಿ ನಿರ್ಣಯದ ನಕಲು ತರಿಸಿ ಓದಿದೆವು. "ಪರಿಷ್ಕೃತ ವೇತನ 1-4-2019ರಿಂದ ಅನ್ವಯ, ಬಾಕಿಯನ್ನು ಸಂಘದ ಆರ್ಥಿಕ ಸ್ಥಿತಿ ನೋಡಿಕೊಂಡು ಕಂತುಗಳಲ್ಲಿ ಪಾವತಿಸುವುದು" ಅಂತ ಇತ್ತು. ಅಂದರೆ ಬಾಕಿ ಕೊಡಬೇಕು ಅಂತ ಅವರೇ ಒಪ್ಪಿದ್ದಾರೆ. ಹೊಸ ಸಂಬಳ ಕೈಗೆ ಬಂದದ್ದು 2022ರ ಅಕ್ಟೋಬರಿನಿಂದ. ಇವರು ನಿವೃತ್ತರಾದದ್ದು ಸೆಪ್ಟೆಂಬರ್ 30ಕ್ಕೆ. ಹೊಸ ಸಂಬಳವನ್ನು ಒಂದು ತಿಂಗಳೂ ನೋಡಲಿಲ್ಲ. ಕೊನೆಗೆ 25-3-2023ರಂದು 40,000 ರೂಪಾಯಿ ಒಂದು ಕಂತು ಬಂತು. ಆಮೇಲೆ ಏನೂ ಇಲ್ಲ.

ಲೆಕ್ಕ

ಆ ಸಂಜೆ ನಾವು ಪತ್ರ ಬರೆಯಲಿಲ್ಲ. ಬರೀ ಲೆಕ್ಕ ಹಾಕಿದೆವು. ಸಂಬಳದ ಚೀಟಿಗಳನ್ನು ವರ್ಷವಾರು ಜೋಡಿಸಿ, ಪ್ರತಿ ತಿಂಗಳಿಗೆ ಬರಬೇಕಾಗಿದ್ದು ಎಷ್ಟು, ಬಂದದ್ದು ಎಷ್ಟು ಅಂತ ಪಕ್ಕಪಕ್ಕ ಬರೆದೆವು. 2019-20ರಲ್ಲಿ ತಿಂಗಳಿಗೆ 3,800 ರೂಪಾಯಿ ವ್ಯತ್ಯಾಸ, 12 ತಿಂಗಳಿಗೆ 45,600. ಮರುವರ್ಷ ವಾರ್ಷಿಕ ವೇತನ ಬಡ್ತಿ ಸೇರಿ ವ್ಯತ್ಯಾಸ 4,050 ಆಯಿತು, ವರ್ಷಕ್ಕೆ 48,600. 2021-22ರಲ್ಲಿ 4,300ರಂತೆ 51,600. ಕೊನೆಯ ಆರು ತಿಂಗಳು 4,550ರಂತೆ 27,300. ಒಟ್ಟು 42 ತಿಂಗಳಿಗೆ 1,73,100. ಅದರಲ್ಲಿ ಬಂದ 40,000 ಕಳೆದರೆ 1,33,100.

ವರ್ಷವಾರು ಬಿಡಿಸಿ ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಹಲವು ವರ್ಷದ ಬಾಕಿ ಒಂದೇ ವರ್ಷದಲ್ಲಿ ಕೈಗೆ ಬಂದರೆ ಆ ವರ್ಷದ ಆದಾಯ ತೆರಿಗೆ ಏರಬಹುದು. ಅದಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ 89ನೇ ಕಲಂನಲ್ಲಿ ಪರಿಹಾರ ಇಟ್ಟಿದ್ದರು. ಅದನ್ನು ಕೇಳಲು ಯಾವ ವರ್ಷಕ್ಕೆ ಎಷ್ಟು ಅನ್ನುವ ವಿವರ ಬೇಕೇ ಬೇಕು. ಹಾಗಾಗಿ ಹಣ ಕೊಡುವಾಗ ವರ್ಷವಾರು ವಿವರಪಟ್ಟಿಯನ್ನೂ ಕೊಡಿ ಅಂತ ಪತ್ರದಲ್ಲೇ ಕೇಳಿಬಿಡುವುದು ಒಳ್ಳೆಯದು.

ಇಷ್ಟಾದ ಮೇಲೆ ಕೇಳಿದೆ, "ಗ್ರಾಚ್ಯುಟಿ ಯಾವ ಸಂಬಳದ ಮೇಲೆ ಕೊಟ್ರು?" ಅವರು ಸುಮ್ಮನಾದರು. ಹಳೇ ಸಂಬಳದ ಮೇಲೆಯೇ ಕೊಟ್ಟಿದ್ದರು.

1972ರ ಗ್ರಾಚ್ಯುಟಿ ಪಾವತಿ ಕಾಯ್ದೆ 10 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗೆ ಅನ್ವಯಿಸುತ್ತಿತ್ತು. ಅದರ ಪ್ರಕಾರ ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಇವರ ಕೊನೆಯ ತಿಂಗಳ ವ್ಯತ್ಯಾಸ 4,550, ಅದೂ ಪೂರ್ತಿ ಮೂಲ ವೇತನ ಮತ್ತು ತುಟ್ಟಿಭತ್ಯೆಯದ್ದೇ. 26ರಿಂದ ಭಾಗಿಸಿದರೆ 175. ಹದಿನೈದು ದಿನಕ್ಕೆ 2,625. 30 ವರ್ಷಕ್ಕೆ 78,750 ರೂಪಾಯಿ. ಹಳೇ ಪತ್ರದ ಮೂರು ಪುಟದಲ್ಲಿ ಈ ಹಣದ ಮಾತೇ ಇರಲಿಲ್ಲ! ಪರಿಷ್ಕರಣೆ ತಡವಾಗಿ ನಡುವೆ ನಿವೃತ್ತರಾದವರು ಜಾಸ್ತಿ ಕಳೆದುಕೊಳ್ಳುವುದು ಇಲ್ಲೇ. ಸಂಬಳದ ವ್ಯತ್ಯಾಸ ಎಲ್ಲರ ಕಣ್ಣಿಗೆ ಬೀಳುತ್ತದೆ. ಅದರ ಹಿಂದೆ ಬರುವ ಗ್ರಾಚ್ಯುಟಿ, ರಜೆ ನಗದೀಕರಣ, ಭವಿಷ್ಯ ನಿಧಿ ಕಣ್ಣಿಗೆ ಬೀಳುವುದಿಲ್ಲ.

ಪತ್ರ ಬರೆದರೆ ಗಡುವು ನಿಲ್ಲುವುದಿಲ್ಲ

"ಪತ್ರ ಕೊಟ್ಟಿದ್ದೀನಲ್ಲ, ಕೇಸ್ ಜೀವಂತ ಇರ್ತದೆ" ಅಂತ ತುಂಬಾ ಜನ ನಂಬಿರುತ್ತಾರೆ. ಅದು ಸರಿಯಲ್ಲ. 1963ರ ಕಾಲಮಿತಿ ಕಾಯ್ದೆಯಲ್ಲಿ ಬಾಕಿ ಸಂಬಳದ ದಾವೆಗೆ 3 ವರ್ಷ. ನೀವು ಹತ್ತು ನೆನಪೋಲೆ ಬರೆದರೂ ಆ ಮೂರು ವರ್ಷ ಓಡುತ್ತಲೇ ಇರುತ್ತದೆ. ಸರ್ಕಾರಿ ನೌಕರರ ವಿಷಯದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ, ಎಸ್.ಎಸ್. ರಾಥೋರ್ ಪ್ರಕರಣದಲ್ಲಿ, ಮತ್ತೆ ಮತ್ತೆ ಮನವಿ ಕೊಟ್ಟ ಮಾತ್ರಕ್ಕೆ ಕಾಲಮಿತಿ ಮುಂದಕ್ಕೆ ಹೋಗುವುದಿಲ್ಲ ಅಂತ ಹೇಳಿದೆ.

ಗಡುವು ಹೊಸದಾಗಿ ಶುರುವಾಗಬೇಕಾದರೆ ಕೊಡಬೇಕಾದವರ ಕಡೆಯಿಂದ ಏನಾದರೂ ಬರಬೇಕು. ಕಾಯ್ದೆಯ 18ನೇ ಕಲಂ ಪ್ರಕಾರ, ಗಡುವು ಮುಗಿಯುವ ಮೊದಲೇ ಅವರು ಬಾಕಿ ಇದೆ ಅಂತ ಬರವಣಿಗೆಯಲ್ಲಿ ಒಪ್ಪಿ ಸಹಿ ಹಾಕಿದರೆ, ಆ ದಿನದಿಂದ ಹೊಸ ಮೂರು ವರ್ಷ. 19ನೇ ಕಲಂ ಪ್ರಕಾರ, ಗಡುವಿನ ಒಳಗೆ ಒಂದು ಭಾಗ ಪಾವತಿಸಿ, ಅದಕ್ಕೆ ಅವರ ಸಹಿಯ ದಾಖಲೆ ಇದ್ದರೂ ಹಾಗೆಯೇ. ನಮ್ಮ ಗೆಳೆಯರಿಗೆ ಆಸರೆಯಾದದ್ದು ಇದೇ. 25-3-2023ರ ವೋಚರಿನಲ್ಲಿ "ವೇತನ ಪರಿಷ್ಕರಣೆ ಬಾಕಿ, ಮೊದಲ ಕಂತು" ಅಂತ ಬರೆದು ಸಹಿ ಹಾಕಿದ್ದರು. ಆ ಸಾಲಿನ ಬೆಲೆ 40,000ಕ್ಕಿಂತ ದೊಡ್ಡದು. ಅಲ್ಲಿಂದ ಎಣಿಸಿದರೆ ಮೂರು ವರ್ಷ 2026ರ ಮಾರ್ಚ್‌ವರೆಗೆ ಬರುತ್ತದೆ.

ಹಾಗಾದರೆ ಪತ್ರದ ಒಂದು ಮುಖ್ಯ ಕೆಲಸ ಅವರಿಂದ ಸಹಿ ಇರುವ ಉತ್ತರ ತರಿಸುವುದು. ಧಾಟಿ ಹೇಗಿರಬೇಕು ಅನ್ನುವುದೂ ಇದರಿಂದಲೇ ನಿರ್ಧಾರವಾಗುತ್ತದೆ. ಬೈದು ಬರೆದರೆ ಉತ್ತರ ಬರೆಯುವವರು ವಕೀಲರು, ಅವರು ಏನನ್ನೂ ಒಪ್ಪುವುದಿಲ್ಲ. ಬೇಡಿಕೊಂಡು ಬರೆದರೆ ಉತ್ತರವೇ ಬರುವುದಿಲ್ಲ. ಲೆಕ್ಕ ಇಟ್ಟು ಬರೆದರೆ ಅದೇ ಗುಮಾಸ್ತ, ಅದೇ ಲೆಕ್ಕ ಹಿಡಿದು, ಅದೇ ಧಾಟಿಯಲ್ಲಿ ಉತ್ತರ ತಯಾರು ಮಾಡುತ್ತಾನೆ.

ಧಾಟಿ

ಕರಡು ಬರೆಯಲು ಕೂತಾಗ ಗೆಳೆಯರು ಹಿಂಜರಿದರು. "ಅಲ್ಲ ಮಾರಾಯ, ಅಧ್ಯಕ್ಷರು ನಮ್ಮೂರಿನೋರೇ. ನಾಳೆ ಮದುವೆ ಮನೇಲಿ ಒಂದೇ ಪಂಕ್ತೀಲಿ ಕೂರ್ಬೇಕು. ಹೀಗೆ ನೋಟಿಸ್ ಥರ ಬರೆದ್ರೆ ಹೇಗೆ?"

ಈ ಸಂಕೋಚ ನಮ್ಮ ಕಡೆ ಎಲ್ಲರಿಗೂ ಇದೆ, ಅದು ತಪ್ಪೂ ಅಲ್ಲ. ಆದರೆ ಸಂಕೋಚಕ್ಕೆ ಬೇಡುವ ಭಾಷೆ ಬೇಕಿಲ್ಲ. ನಾನು ಹೇಳಿದ್ದು ಇಷ್ಟೇ: ಪತ್ರದಲ್ಲಿ ಯಾರ ಹೆಸರೂ ಬೇಡ, ಯಾರ ಉದ್ದೇಶದ ಮಾತೂ ಬೇಡ. "ನೀವು ಬೇಕಂತಲೇ ತಡ ಮಾಡಿದ್ದೀರಿ" ಅನ್ನುವ ಬದಲು "25-3-2023ರ ನಂತರ ಯಾವುದೇ ಕಂತು ಪಾವತಿಯಾಗಿಲ್ಲ" ಅಂತ ಬರೆಯಿರಿ. ಎರಡನೆಯದಕ್ಕೆ ಯಾರೂ ಎದುರು ಮಾತಾಡಲು ಆಗುವುದಿಲ್ಲ. ದಿನಾಂಕವೇ ಹೇಳುತ್ತದೆ.

"ದಯಪಾಲಿಸಬೇಕು" ಅನ್ನುವ ಕಡೆ "ಪಾವತಿಸಬೇಕೆಂದು ಕೋರುತ್ತೇನೆ" ಅಂತ ಹಾಕಿದೆವು. ದಯಪಾಲಿಸುವುದು ಕೊಡುವವರ ಇಷ್ಟ. ಪಾವತಿಸುವುದು ಸಾಲ ಇದ್ದವರ ಕೆಲಸ. "ಕೋರುತ್ತೇನೆ" ಅಂದರೆ ಮರ್ಯಾದೆಯೂ ಉಳಿಯುತ್ತದೆ. "ಸಹಾನುಭೂತಿಯಿಂದ ಪರಿಗಣಿಸಿ" ಅನ್ನುವುದನ್ನು ಪೂರ್ತಿ ತೆಗೆದೆವು. ನಿರ್ಣಯ ಆಗಿಹೋದ ಹಣಕ್ಕೆ ಸಹಾನುಭೂತಿಯ ಪ್ರಶ್ನೆ ಬರುವುದೇ ಇಲ್ಲ, ಹಾಗೆ ಬರೆದರೆ ನಮ್ಮ ಹಕ್ಕನ್ನು ನಾವೇ ಸಣ್ಣದು ಮಾಡಿದಂತೆ. "ಸುಮಾರು ಎರಡು ಲಕ್ಷ" ಅನ್ನುವಂಥ ಅಂದಾಜೂ ಬೇಡ. ಅಂದಾಜು ಕಂಡರೆ "ಪರಿಶೀಲಿಸಲಾಗುವುದು" ಅನ್ನುವ ಉತ್ತರಕ್ಕೆ ದಾರಿ ಆಗುತ್ತದೆ.

ಅನಾರೋಗ್ಯ, ಮಗಳ ಮದುವೆ, ಸಾಲ ಇವುಗಳ ಬಗ್ಗೆ ಅವರು ತುಂಬಾ ಕೇಳಿಕೊಂಡರು. ಒಂದು ಸಾಲಾದರೂ ಇರಲಿ ಅಂತ. ನನಗೂ ಮನಸ್ಸಿಗೆ ಕಷ್ಟವಾಯಿತು. ಆದರೂ ಬೇಡ ಅಂದೆ. ಕಷ್ಟ ಹೇಳಿಕೊಂಡರೆ "ಎಲ್ಲರಿಗೂ ಕಷ್ಟ ಇದೆ" ಅನ್ನುವ ಮಾತು ಬರುತ್ತದೆ. ತಮ್ಮ ಕಷ್ಟವನ್ನು ಅಧ್ಯಕ್ಷರ ಹತ್ತಿರ ಎದುರಿಗೆ ಕೂತು ಹೇಳಬಹುದು, ಹೇಳಲಿ. ಪತ್ರದಲ್ಲಿ ಬೇಡ.

ಆರ್ಥಿಕ ಸ್ಥಿತಿ ಅನ್ನುವ ಷರತ್ತು

ನಿರ್ಣಯದಲ್ಲಿ "ಆರ್ಥಿಕ ಸ್ಥಿತಿ ನೋಡಿಕೊಂಡು" ಅಂತ ಇತ್ತಲ್ಲ, ಇವರ ಮೊದಲ ಪತ್ರ ಅದನ್ನು ಮುಟ್ಟಿಯೇ ಇರಲಿಲ್ಲ. ಎದುರಿನವರ ಹತ್ತಿರ ಇರುವ ಒಂದೇ ಉತ್ತರ ಅದು. ಅದಕ್ಕೆ ಮೊದಲೇ ಜಾಗ ಕೊಡಬೇಕು.

ಇವರು ಸಂಘದ ಸದಸ್ಯರೂ ಆಗಿದ್ದರಿಂದ ಸರ್ವ ಸದಸ್ಯರ ಸಭೆಯ ವಾರ್ಷಿಕ ವರದಿ ಮನೆಯಲ್ಲೇ ಇತ್ತು. 2023-24ರ ಆಸ್ತಿ-ಜವಾಬ್ದಾರಿ ತಃಖ್ತೆ ತೆಗೆದು ನೋಡಿದೆವು. ಜವಾಬ್ದಾರಿಗಳ ಕಡೆ ಒಂದು ಸಾಲು: "ನೌಕರರ ವೇತನ ಪರಿಷ್ಕರಣೆ ಬಾಕಿಗೆ ಕಾದಿರಿಸಿದ್ದು". ಆ ವರ್ಷ ಸದಸ್ಯರಿಗೆ ಡಿವಿಡೆಂಡ್ ಕೂಡ ಕೊಟ್ಟಿದ್ದರು. ಅಂದರೆ ಬಾಕಿಗೆ ಹಣ ಎತ್ತಿಟ್ಟಿದ್ದಾರೆ, ಲಾಭವೂ ಇದೆ. ಇದನ್ನು ಪತ್ರದಲ್ಲಿ ಹೇಳುವಾಗ "ನಿಮ್ಮ ಸುಳ್ಳು ಬಯಲಾಯಿತು" ಅನ್ನುವ ರಾಗ ಬರಬಾರದು. ಯಾವ ವರದಿ ಅಂತ ಹೇಳಿ, ಅದರಲ್ಲಿ ಏನಿದೆ ಅಂತ ಹೇಳಿ, ಸುಮ್ಮನಾಗಬೇಕು. ಲೆಕ್ಕಪರಿಶೋಧಕರ ಸಹಿ ಇರುವ ಆ ಪುಟವನ್ನು ಅಲ್ಲಗಳೆಯುವುದು ಯಾರಿಗೂ ಸುಲಭವಲ್ಲ.

ಪತ್ರ

ಒಂದು ಪುಟ ಪತ್ರ, ಇನ್ನೊಂದು ಪುಟ ಲೆಕ್ಕದ ಪಟ್ಟಿ. ಪತ್ರ ಹೀಗಿತ್ತು:

> ಇವರಿಗೆ: ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು
>
> ವಿಷಯ: 1-4-2019ರಿಂದ 30-9-2022ರವರೆಗಿನ ಪರಿಷ್ಕೃತ ವೇತನದ ಬಾಕಿ ರೂ. 1,33,100 ಹಾಗೂ ಗ್ರಾಚ್ಯುಟಿ ವ್ಯತ್ಯಾಸ ರೂ. 78,750 ಪಾವತಿಸುವ ಕುರಿತು.
>
> ಉಲ್ಲೇಖ: 1) ಆಡಳಿತ ಮಂಡಳಿ ನಿರ್ಣಯ, ದಿನಾಂಕ 12-9-2022. 2) ಪಾವತಿ ವೋಚರ್, ದಿನಾಂಕ 25-3-2023. 3) 2023-24ರ ವಾರ್ಷಿಕ ವರದಿ.
>
> ಮಾನ್ಯರೆ,
>
> ಉಲ್ಲೇಖ 1ರ ನಿರ್ಣಯದಂತೆ ಪರಿಷ್ಕೃತ ವೇತನ 1-4-2019ರಿಂದ ಅನ್ವಯವಾಗಿದೆ. ನಾನು 30-9-2022ರಂದು ನಿವೃತ್ತನಾಗಿದ್ದು, ಈ ಅವಧಿಯ 42 ತಿಂಗಳಿಗೆ ನನಗೆ ಬರಬೇಕಾದ ವ್ಯತ್ಯಾಸ ರೂ. 1,73,100. ಉಲ್ಲೇಖ 2ರಂತೆ ಮೊದಲ ಕಂತಾಗಿ ರೂ. 40,000 ಸ್ವೀಕರಿಸಿದ್ದೇನೆ. ಉಳಿದ ಬಾಕಿ ರೂ. 1,33,100. ವರ್ಷವಾರು ಲೆಕ್ಕ ಲಗತ್ತಿಸಿದೆ. 25-3-2023ರ ನಂತರ ಯಾವುದೇ ಕಂತು ಪಾವತಿಯಾಗಿಲ್ಲ.
>
> ನಿರ್ಣಯದಲ್ಲಿ ಸಂಘದ ಆರ್ಥಿಕ ಸ್ಥಿತಿಯ ಉಲ್ಲೇಖವಿದೆ. ಉಲ್ಲೇಖ 3ರ ವರದಿಯಲ್ಲಿ ಈ ಬಾಕಿಗಾಗಿ ಮೊತ್ತ ಕಾದಿರಿಸಿರುವುದನ್ನು ತಮ್ಮ ಗಮನಕ್ಕೆ ತರುತ್ತೇನೆ.
>
> ಪ್ರತ್ಯೇಕವಾಗಿ, ನನ್ನ ಗ್ರಾಚ್ಯುಟಿಯನ್ನು ಪರಿಷ್ಕರಣೆಗೆ ಮುಂಚಿನ ವೇತನದ ಮೇಲೆ ಲೆಕ್ಕ ಹಾಕಲಾಗಿದೆ. ಪರಿಷ್ಕೃತ ವೇತನದಂತೆ ವ್ಯತ್ಯಾಸ ರೂ. 78,750 ಹಾಗೂ ಕಾಯ್ದೆಯಂತೆ ಅದರ ಮೇಲಿನ ಬಡ್ಡಿ ಪಾವತಿಯಾಗಬೇಕಿದೆ.
>
> ಈ ಪತ್ರವನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಮುಂದಿಟ್ಟು, 45 ದಿನಗಳೊಳಗೆ ಪಾವತಿಸಿ ವರ್ಷವಾರು ವಿವರಪಟ್ಟಿಯನ್ನೂ ನೀಡಬೇಕೆಂದು, ಕಂತುಗಳಲ್ಲಿ ಪಾವತಿಸುವುದಾದರೆ ಕಂತಿನ ಮೊತ್ತ ಹಾಗೂ ದಿನಾಂಕಗಳನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಪಾವತಿ ತಡವಾದಲ್ಲಿ, ವೇತನ ಬಾಕಿಯ ಮೇಲೆ ಈ ಪತ್ರದ ದಿನಾಂಕದಿಂದ, ಸಂಘವು ಠೇವಣಿಗಳಿಗೆ ನೀಡುವ ದರದಲ್ಲಿ ಬಡ್ಡಿ ಕೇಳಲಾಗುವುದು.
>
> ತಮ್ಮ ವಿಶ್ವಾಸಿ

ಇದರಲ್ಲಿ ಮೂರು ಕಡೆ ಸ್ವಲ್ಪ ನಿಲ್ಲಬೇಕು.

45 ದಿನ ಯಾಕೆ? ಆ ಸಂಘದ ಆಡಳಿತ ಮಂಡಳಿ ತಿಂಗಳಿಗೊಮ್ಮೆ ಸೇರುತ್ತದೆ. ಹಣದ ತೀರ್ಮಾನ ಅಲ್ಲೇ ಆಗಬೇಕು. 7 ದಿನ, 15 ದಿನ ಅಂತ ಕೊಟ್ಟರೆ ಕಾರ್ಯನಿರ್ವಹಣಾಧಿಕಾರಿ ಬಯಸಿದರೂ ಏನೂ ಮಾಡಲಾಗುವುದಿಲ್ಲ. 45 ದಿನದಲ್ಲಿ ಒಂದು ಸಭೆ ಬಂದೇ ಬರುತ್ತದೆ.

ಬಡ್ಡಿಯ ಸಾಲು ಬೆದರಿಕೆಗೆ ಹಾಕಿದ್ದಲ್ಲ. 1978ರ ಬಡ್ಡಿ ಕಾಯ್ದೆಯ 3ನೇ ಕಲಂ ಪ್ರಕಾರ, ಲಿಖಿತ ಒಪ್ಪಂದದಲ್ಲಿ ಪಾವತಿಯ ದಿನ ನಿಗದಿಯಾಗಿಲ್ಲದಿದ್ದರೆ, ಬಡ್ಡಿ ಕೇಳುತ್ತೇನೆ ಅಂತ ಲಿಖಿತ ನೋಟಿಸ್ ಕೊಟ್ಟ ಮೇಲಿನ ಕಾಲಕ್ಕೆ ನ್ಯಾಯಾಲಯ ಬಡ್ಡಿ ಕೊಡಿಸಬಹುದು. ಆ ಒಂದು ಸಾಲು ಬರೆಯದಿದ್ದರೆ ಅಷ್ಟು ತಿಂಗಳ ಬಡ್ಡಿಯ ವಾದ ದುರ್ಬಲವಾಗುತ್ತದೆ. ದರವೂ ನ್ಯಾಯವಾಗಿರಬೇಕು. ಠೇವಣಿದಾರರಿಗೆ ತಾವೇ ಕೊಡುವ ದರವನ್ನು ಜಾಸ್ತಿ ಅನ್ನಲು ಸಂಘಕ್ಕೆ ಆಗುವುದಿಲ್ಲ.

ಗ್ರಾಚ್ಯುಟಿಯನ್ನು "ಪ್ರತ್ಯೇಕವಾಗಿ" ಅಂತ ಬೇರೆ ಪ್ಯಾರಾದಲ್ಲಿ ಇಟ್ಟದ್ದಕ್ಕೂ ಕಾರಣ ಇದೆ. ಅದಕ್ಕೆ ಬೇರೆ ಕಾಯ್ದೆ, ಬೇರೆ ಪ್ರಾಧಿಕಾರ, ಬಡ್ಡಿಯ ನಿಯಮವೂ ಬೇರೆ. ವೇತನ ಬಾಕಿಯ ತಕರಾರು ಸಹಕಾರ ಸಂಘದ್ದಾದರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂನಡಿ ಹೋಗುತ್ತದೆ. ಎರಡನ್ನೂ ಕೂಡಿಸಿ 2,11,850 ಅಂತ ಒಂದೇ ಮೊತ್ತ ಬರೆದಿದ್ದರೆ, ಗ್ರಾಚ್ಯುಟಿಯ ತಕರಾರಿನಲ್ಲಿ ಸಂಬಳದ ಹಣವೂ ಸಿಕ್ಕಿಕೊಳ್ಳುತ್ತಿತ್ತು.

ಕೋರ್ಟು, ಸಹಾಯಕ ನಿಬಂಧಕರು ಅನ್ನುವ ಮಾತು ಈ ಪತ್ರದಲ್ಲಿ ಇಲ್ಲ. ಅದು ಮುಂದಿನ ಪತ್ರಕ್ಕೆ. ಪ್ರತಿ ಅಧ್ಯಕ್ಷರಿಗೆ ಮಾತ್ರ. ಮೊದಲ ಪತ್ರದಲ್ಲೇ ಹತ್ತು ಕಡೆ ಪ್ರತಿ ಕಳಿಸಿದರೆ ಎಲ್ಲರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂತ ಕೂರುತ್ತಾರೆ.

ಎರಡು ಪ್ರತಿ ತೆಗೆದುಕೊಂಡು ಹೋಗಿ ಟಪ್ಪಾಲಿನಲ್ಲಿ ಕೊಟ್ಟರು. ನಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ, ಆವಕ ಸಂಖ್ಯೆ ಹಾಕಿಸಿಕೊಂಡು ಬಂದರು. ಆವಕ ಸಂಖ್ಯೆ ಇಲ್ಲದ ಮೊಹರಿಗೆ ಬಲ ಕಡಿಮೆ, ಪುಸ್ತಕದಲ್ಲಿ ಪತ್ರ ದಾಖಲಾಗಿದೆ ಅಂತ ತೋರಿಸುವುದು ಅದೇ.

38ನೇ ದಿನಕ್ಕೆ ಉತ್ತರ ಬಂತು. ನಾಲ್ಕೇ ಸಾಲು. ಬಾಕಿ 1,33,100 ಇರುವುದು ದಾಖಲೆಯಂತೆ ಸರಿಯಿದೆ, ಅದನ್ನು ಇನ್ನೆರಡು ಕಂತಿನಲ್ಲಿ ಪಾವತಿಸಲಾಗುವುದು, ಅವುಗಳಲ್ಲಿ ಮೊದಲನೆಯದು ಏಪ್ರಿಲ್‌ನಲ್ಲಿ. ಕೆಳಗೆ ಸಹಿ, ಮೊಹರು. ಗ್ರಾಚ್ಯುಟಿ ಬಗ್ಗೆ ಒಂದು ಮಾತೂ ಇಲ್ಲ. ಅದಕ್ಕೆ ಬೇರೆ ಅರ್ಜಿ ತಯಾರು ಮಾಡಿದೆವು.

ಏಪ್ರಿಲ್‌ನಲ್ಲಿ ಕಂತು ಕೊಡುವಾಗ ವೋಚರಿನಲ್ಲಿ "ಎಲ್ಲಾ ಬಾಕಿ ಪೂರ್ಣ ಮತ್ತು ಅಂತಿಮವಾಗಿ ಸಂದಾಯವಾಗಿದೆ" ಅಂತ ಮೊದಲೇ ಅಚ್ಚಾಗಿತ್ತು. ಹಳೇ ಫಾರಂ ಅದು, ಯಾರ ಕೆಟ್ಟ ಉದ್ದೇಶವೂ ಇರಲಿಲ್ಲ. ಗೆಳೆಯರು ಅಲ್ಲಿಂದಲೇ ಫೋನ್ ಮಾಡಿದರು. ಆ ಸಾಲು ಹೊಡೆದುಹಾಕಿ, "ವೇತನ ಬಾಕಿಯ ಎರಡನೇ ಕಂತು ಮಾತ್ರ. ಉಳಿದ ಬಾಕಿ ಹಾಗೂ ಗ್ರಾಚ್ಯುಟಿ ವ್ಯತ್ಯಾಸದ ಹಕ್ಕು ಉಳಿಸಿಕೊಂಡಿದ್ದೇನೆ" ಅಂತ ಬರೆದು ಸಹಿ ಮಾಡಿ ಅಂದೆ. ಗುಮಾಸ್ತ ಒಂದು ಕ್ಷಣ ನೋಡಿ, ಒಳಗೆ ಹೋಗಿ ಕೇಳಿ ಬಂದು, ಸರಿ ಅಂದರಂತೆ. ಆ ವೋಚರಿನ ನಕಲೂ ಈಗ ಅದೇ ಪ್ಲಾಸ್ಟಿಕ್ ಕವರಿನಲ್ಲಿದೆ, ಮೊದಲ ಕಂತಿನ ವೋಚರಿನ ಪಕ್ಕದಲ್ಲೇ.